ಡ್ರೈವರ್ ಮೊದಲೇ ಹೇಳಿಬಿಟ್ಟಿರುತ್ತಾರೆ

ಬಾಗಲಕೋಟೆಯ ನವನಗರದಲ್ಲಿ ನಾನು ಚಾರ್ಜ್ ತೆಗೆದುಕೊಂಡ ದಿನ, ಬೆಳಿಗ್ಗೆ ಹತ್ತೂಕಾಲಿಗೆ ಚಹಾ ಬಂತು. ದಲಾಯತರು ಟ್ರೇಯಲ್ಲಿ ಎರಡು ಲೋಟ ಇಟ್ಟುಕೊಂಡು ಬಂದು, ಒಂದನ್ನು ಅಧೀಕ್ಷಕರ ಮುಂದಿಟ್ಟರು. ಇನ್ನೊಂದನ್ನು ನನ್ನ ಮುಂದೆ ಇಡುತ್ತಾ, "ಇದಕ್ಕ ಸಕ್ರಿ ಹಾಕಿಲ್ರಿ ಮೇಡಂ" ಅಂದರು.

ನಾನು ಸಕ್ಕರೆ ಬಿಟ್ಟು ಆರು ವರ್ಷ ಆಯಿತು. ಆದರೆ ಬಾಗಲಕೋಟೆಯಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಆ ಕಚೇರಿಯೊಳಗೆ ಕಾಲಿಟ್ಟು ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಅಧೀಕ್ಷಕರ ಮುಖ ನೋಡಿದೆ. ಅವರು ಸ್ವಲ್ಪ ನಾಚಿಕೊಂಡು, "ಡ್ರೈವರ್ ಹೇಳಿದ್ದರ್ರಿ" ಅಂದರು. ನನ್ನ ಹಿಂದಿನ ಕಚೇರಿಯ ಡ್ರೈವರ್ ಇಲ್ಲಿಯ ಡ್ರೈವರಿಗೆ ಫೋನ್ ಮಾಡಿದ್ದರಂತೆ. ಅಥವಾ ಇಲ್ಲಿಯವರೇ ಅಲ್ಲಿಗೆ ಹಚ್ಚಿದ್ದರೋ ಏನೋ. ವರ್ಗಾವಣೆ ಆದೇಶ ಹೊರಬಿದ್ದ ಸಂಜೆಯೇ ಈ ಕೆಲಸ ಮುಗಿದಿರುತ್ತದೆ. ಬರುವವರು ಎಷ್ಟು ಗಂಟೆಗೆ ಬರುತ್ತಾರೆ, ಸಿಟ್ಟು ಎಂಥದ್ದು, ಊಟದ ಡಬ್ಬಿ ತರುತ್ತಾರೋ ತರಿಸುತ್ತಾರೋ, ಯಾರ ಮಾತು ಕೇಳುತ್ತಾರೆ, ಇಷ್ಟು ವಿಷಯ ಚಾರ್ಜ್ ತೆಗೆದುಕೊಂಡದ್ದಕ್ಕೆ ನಾವು ಸಹಿ ಹಾಕುವ ಕಾಗದ ಸಿಟಿಸಿಗಿಂತ ಮೊದಲು ಹೊಸ ಕಚೇರಿ ಸೇರುತ್ತದೆ.

ಹನ್ನೊಂದು ಗಂಟೆಗೆ ಸಿಬ್ಬಂದಿಯನ್ನೆಲ್ಲ ಕೂಡಿಸಿ ನನ್ನ ಪರಿಚಯ ಹೇಳಿಕೊಳ್ಳುವುದಿತ್ತು. ಆ ಚಹಾ ಕುಡಿಯುತ್ತಾ ಜೇಬಿನಲ್ಲಿದ್ದ ಚೀಟಿಯಿಂದ ಎರಡು ಸಾಲು ಹೊಡೆದುಹಾಕಿದೆ. ಯಾಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ವಿದ್ಯಾರ್ಥಿನಿಲಯಗಳನ್ನು ನಡೆಸುವ ಇಲಾಖೆಯೊಂದರಲ್ಲಿ ನಾನು ಜಿಲ್ಲಾ ಅಧಿಕಾರಿ. ಜಿಲ್ಲಾಧಿಕಾರಿ ಅಲ್ಲ. ನಡುವೆ ಒಂದು ಖಾಲಿ ಜಾಗ ಇದೆ, ಅಷ್ಟೇ ವ್ಯತ್ಯಾಸ. ಆದರೆ ಆ ಖಾಲಿ ಜಾಗದಲ್ಲಿ ಕೆಂಪು ದೀಪದ ಕಾಲದ ಕಾರು, ಬಂಗಲೆ, ಪೊಲೀಸರ ಸಲ್ಯೂಟು ಎಲ್ಲ ಬಿದ್ದುಹೋಗುತ್ತವೆ. ನಮ್ಮೂರಲ್ಲಿ ಇದು ಗೊತ್ತಾಗದೆ, ಬಡ್ತಿ ಬಂದಾಗ ಅಮ್ಮನಿಗೆ ಡೀಸಿ ಅಮ್ಮ ಅಂತ ಅಭಿನಂದನೆ ಹೇಳಿದವರಿದ್ದಾರೆ. ಅಮ್ಮ ತಿದ್ದಲಿಲ್ಲ ಅನ್ನೋದು ಬೇರೆ ಮಾತು.

ಮೊದಲ ಸಲ ಈ ಹುದ್ದೆಗೆ ಹೋದದ್ದು ಇನ್ನೊಂದು ಜಿಲ್ಲೆಗೆ. ಯಾವುದು ಅಂತ ಬೇಡ, ತಪ್ಪು ನನ್ನದೇ. ಅಲ್ಲಿ ಮೊದಲ ದಿನವೇ ಜಿಲ್ಲೆಯ ಎಲ್ಲ ನಿಲಯ ಮೇಲ್ವಿಚಾರಕರನ್ನೂ ತಾಲ್ಲೂಕು ಅಧಿಕಾರಿಗಳನ್ನೂ ಒಂದೇ ಹಾಲಿಗೆ ಕರೆಸಿ ಇಪ್ಪತ್ತೈದು ನಿಮಿಷ ಮಾತಾಡಿದೆ. ಎಲ್ಲಿ ಓದಿದೆ, ಎಷ್ಟನೇ ರ‍್ಯಾಂಕು, ಹಿಂದಿನ ತಾಲ್ಲೂಕಿನಲ್ಲಿ ಏನೇನು ಸರಿಮಾಡಿದೆ ಎಲ್ಲ ಹೇಳಿ, ಕೊನೆಗೆ, "ನಾನು ತುಂಬ ಸ್ಟ್ರಿಕ್ಟ್. ಮಕ್ಕಳ ವಿಷಯದಲ್ಲಿ ಸಣ್ಣ ತಪ್ಪನ್ನೂ ಸಹಿಸುವುದಿಲ್ಲ. ಆವತ್ತೇ ಸಸ್ಪೆಂಡ್" ಅಂದೆ. ಹಾಲು ಗಪ್‌ಚಿಪ್ ಆಯಿತು. ನನಗೆ ಅದು ಗೌರವ ಅಂತ ಕಂಡಿತು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸ್ಥಳೀಯ ವರದಿಗಾರರೊಬ್ಬರು ಫೋನ್ ಮಾಡಿ, "ಮೇಡಂ, ನಿಮ್ಮ ಹಾಸ್ಟೆಲ್ಲಿನ ಹುಡುಗರು ಆಸ್ಪತ್ರೆಯಲ್ಲಿದ್ದಾರಲ್ಲ, ನಿಮ್ಮ ಪ್ರತಿಕ್ರಿಯೆ?" ಅಂತ ಕೇಳಿದರು. ಒಂಬತ್ತು ಹುಡುಗರಿಗೆ ವಾಂತಿ-ಭೇದಿ. ಶುರುವಾಗಿ ಎರಡು ದಿನವಾಗಿತ್ತು. ಮೇಲ್ವಿಚಾರಕರು ಊರಿನ ಖಾಸಗಿ ಡಾಕ್ಟರಿಂದ ಗುಳಿಗೆ ತರಿಸಿ ಕೊಟ್ಟು, ಸರಿಹೋಗುತ್ತದೆ ಅಂತ ಕಾದಿದ್ದರು. ಟ್ಯಾಂಕಿನ ನೀರಿನದು ತೊಂದರೆ. ಮೊದಲ ರಾತ್ರಿಯೇ ಗೊತ್ತಾಗಿದ್ದರೆ ಟ್ಯಾಂಕು ಖಾಲಿ ಮಾಡಿಸಬಹುದಿತ್ತು, ಮೂರನೆಯ ಹುಡುಗನಿಗೇ ನಿಲ್ಲುತ್ತಿತ್ತು. ಎಲ್ಲರೂ ಗುಣವಾದರು ಅನ್ನೋದೊಂದು ಪುಣ್ಯ. ಆಮೇಲೆ ಅವರನ್ನು ಒಬ್ಬರನ್ನೇ ಕೂರಿಸಿಕೊಂಡು ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, "ನೀವೇ ಹೇಳಿದ್ರಲ್ಲ ಮೇಡಂ, ಆವತ್ತೇ ಸಸ್ಪೆಂಡ್ ಅಂತ" ಅಂದರು.

ಸೇವೆಯ ವಿಷಯ ಗೊತ್ತಿದ್ದವರಿಗೆ ಇದರೊಳಗಿನ ಇನ್ನೊಂದು ತಮಾಷೆಯೂ ಕಾಣುತ್ತದೆ. ಯಾರನ್ನು ಯಾರು ಅಮಾನತು ಮಾಡಬಹುದು ಅನ್ನೋದು ಅಧಿಕಾರಿಯ ಸಿಟ್ಟಿನ ಮೇಲೆ ನಿಂತಿಲ್ಲ. 1957ರ ಸಿಸಿಎ ನಿಯಮಗಳಿವೆ, ಯಾವ ವೃಂದಕ್ಕೆ ಯಾರು ಶಿಸ್ತು ಪ್ರಾಧಿಕಾರಿ ಅನ್ನೋ ಪಟ್ಟಿ ಇದೆ. ಸಿಬ್ಬಂದಿ ಶಾಖೆಯಲ್ಲಿ ಹತ್ತು ವರ್ಷ ಕೂತ ಎಫ್‌ಡಿಎಗೆ ಅದು ಬಾಯಿಪಾಠ. ನಾನು ಹಾಲಿನಲ್ಲಿ ಗುಡುಗುತ್ತಿದ್ದಾಗ ಹಿಂದಿನ ಸಾಲಿನ ಅರ್ಧ ಜನಕ್ಕೆ, ಇದು ಇವರ ಕೈಯಲ್ಲಿಲ್ಲ ಅಂತ ಗೊತ್ತಿತ್ತು. ಗೊತ್ತಿಲ್ಲದೆ ಹೆದರಿದವರು ಉಳಿದರ್ಧ. ಒಂದೇ ವಾಕ್ಯದಿಂದ ಬುದ್ಧಿವಂತರ ಮುಂದೆ ಸಣ್ಣವಳಾದೆ, ಪಾಪದವರನ್ನು ಸುಳ್ಳುಗಾರರನ್ನಾಗಿ ಮಾಡಿದೆ.

ಬಾಗಲಕೋಟೆಗೆ ಬರುವಾಗ ಚೀಟಿಯಲ್ಲಿ ಸ್ಟ್ರಿಕ್ಟ್ ಅನ್ನೋ ಪದ ಇರಲಿಲ್ಲ. ಆದರೆ "ನಾನು ಎಲ್ಲರೊಂದಿಗೆ ಸ್ನೇಹದಿಂದ ಇರುವವಳು" ಅಂತ ಒಂದು ಸಾಲಿತ್ತು, "ನನ್ನ ಬಾಗಿಲು ಸದಾ ತೆರೆದಿರುತ್ತದೆ" ಅಂತ ಇನ್ನೊಂದು. ಸಕ್ಕರೆಯಿಲ್ಲದ ಚಹಾ ಕುಡಿಯುತ್ತಾ ಹೊಡೆದುಹಾಕಿದ್ದು ಇವೆರಡನ್ನೇ. ನಾನು ಎಂಥವಳು ಅನ್ನೋದನ್ನು ಡ್ರೈವರ್ ಹೇಳಿಯಾಗಿತ್ತು. ನಾನು ಬೇರೆ ಏನಾದರೂ ಹೇಳಿದರೆ ಅವರು ಡ್ರೈವರ್ ಮಾತನ್ನೇ ನಂಬುತ್ತಾರೆ, ನಂಬಬೇಕು ಕೂಡ. ಡ್ರೈವರಿಗೆ ಗೊತ್ತಿಲ್ಲದ್ದು ಒಂದೇ: ಇಲ್ಲಿ, ಬರುವ ವಾರದಿಂದ ನಾನು ಏನು ಮಾಡುತ್ತೇನೆ ಅನ್ನೋದು. ಅದನ್ನಷ್ಟೇ ಹೇಳೋಣ, ಅದೂ ಮುಂದಿನ ಸೋಮವಾರದೊಳಗೆ ನಿಜವೋ ಸುಳ್ಳೋ ಅಂತ ಅವರೇ ನೋಡಬಹುದಾದದ್ದನ್ನು ಮಾತ್ರ ಅಂದುಕೊಂಡೆ.

ಕಚೇರಿಯ ಸಿಬ್ಬಂದಿ ಹನ್ನೆರಡು ಜನ. ಅಧೀಕ್ಷಕರು, ಮೂವರು ಎಫ್‌ಡಿಎ, ಇಬ್ಬರು ಎಸ್‌ಡಿಎ, ಹೊರಗುತ್ತಿಗೆಯ ಮೂವರು ಡೇಟಾ ಎಂಟ್ರಿ ಆಪರೇಟರುಗಳು, ದಲಾಯತರು ಇಬ್ಬರು, ಡ್ರೈವರ್. ಮೇಲ್ವಿಚಾರಕರನ್ನೂ ಅಡುಗೆಯವರನ್ನೂ ಈ ಸಲ ಬೇಕೆಂದೇ ಬೇರೆ ಇಟ್ಟೆ. ಈ ಮೂರೂ ಗುಂಪಿನವರಿಗೆ ನನ್ನಿಂದ ತಿಳಿಯಬೇಕಾದದ್ದು ಒಂದೇ ಅಲ್ಲ.

ಹಾರ ತಂದಿದ್ದರು. 2021ರ ಆಗಸ್ಟಿನಲ್ಲಿ ಸರ್ಕಾರ ಸುತ್ತೋಲೆ ಹೊರಡಿಸಿದೆ, ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ-ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡಲೇಬೇಕಾದರೆ ಕನ್ನಡ ಪುಸ್ತಕ ಕೊಡಿ ಅಂತ. ಆ ಸುತ್ತೋಲೆಯನ್ನು ಎಲ್ಲ ಅಧೀನ ಕಚೇರಿಗಳಿಗೆ ಕಳಿಸಿದವರೇ ಹಾರವನ್ನೂ ತಂದಿರುತ್ತಾರೆ, ಅದು ನಮ್ಮಲ್ಲಿ ಇರುವ ಪದ್ಧತಿ. ಬೇಡ ಅಂದು ದೊಡ್ಡ ಭಾಷಣ ಮಾಡಿದರೆ ತಂದವರ ಮುಖ ಹಾಳಾಗುತ್ತದೆ. ಕೈಯಲ್ಲಿ ತೆಗೆದುಕೊಂಡು ಗೋಡೆಯ ಮೇಲಿದ್ದ ಅಂಬೇಡ್ಕರ್ ಫೋಟೋಗೆ ಹಾಕಿಸಿದೆ. ಕುರ್ಚಿಯ ಬೆನ್ನಿಗೆ ಬಿಳಿ ಟರ್ಕಿ ಟವೆಲ್ ಹೊದಿಸಿದ್ದರು. ಅದನ್ನು ತೆಗೆಸಬೇಕು, ಸಾಹೇಬಗಿರಿಯ ಗುರುತು ಅಂತ ಓದಿದ್ದೆ. ಬಾಗಲಕೋಟೆಯ ಬಿಸಿಲಿಗೆ ರೆಕ್ಸಿನ್ ಕುರ್ಚಿ ಬೆನ್ನಿಗೆ ಅಂಟುತ್ತದೆ ಅಂತ ಗೊತ್ತಾದ ಮೇಲೆ ಟವೆಲನ್ನು ಬಿಟ್ಟುಕೊಂಡೆ.

ಮೊದಲು ಅವರ ಪರಿಚಯ ಆಗಲಿ ಅಂದೆ. ಹೆಸರು, ನೋಡಿಕೊಳ್ಳುವ ವಿಷಯ, ಊರು. ಊರು ಕೇಳಿದ್ದು ಯೋಚನೆ ಮಾಡದೆ. ಲೆಕ್ಕ ಶಾಖೆಯ ಹಿರಿಯ ಎಫ್‌ಡಿಎ ಎದ್ದು ನಿಂತು ಹೆಸರು, ವಿಷಯ ಹೇಳಿ, "ನಮ್ಮೂರು ನೀರಾಗ ಐತ್ರಿ" ಅಂದರು. ಯಾರೂ ನಗಲಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಮನೆತನ. ನವನಗರ ಹುಟ್ಟಿದ್ದೇ ಹಾಗೆ. ಇಲ್ಲಿ ಸೆಕ್ಟರ್ ನಂಬರಿನ ವಿಳಾಸ ಹೇಳುವ ಎಷ್ಟೋ ಜನರಿಗೆ ಊರು ಅಂದರೆ ಬೇಸಿಗೆಯಲ್ಲಿ ನೀರು ಇಳಿದಾಗ ಕಾಣುವ ಗುಡಿಯ ಕಳಸ. ನನ್ನ ಬಾಯಿಂದ ತಾನಾಗಿ ಬಂತು: "ನಮ್ಮಜ್ಜಿಯ ಊರೂ ಹೇಮಾವತಿ ಹಿನ್ನೀರಿನಲ್ಲಿದೆ." ನಾನು ಹಾಸನ ಜಿಲ್ಲೆಯವಳು. ಗೊರೂರಿನ ಅಣೆಕಟ್ಟು ಕಟ್ಟಿದಾಗ ಅಜ್ಜಿಯ ಕಡೆಯವರು ಎದ್ದು ಬಂದವರು. ಆ ಎಫ್‌ಡಿಎ ನನ್ನನ್ನು ಒಂದು ಕ್ಷಣ ನೋಡಿ, "ಹಂಗಾರ ನಿಮಗ ಪರಿಹಾರದ ಕಡತ ಅಂದ್ರ ಏನಂತ ತಿಳೀತೈತ್ರಿ" ಅಂದು ಕೂತರು. ಆಗ ನಗು ಬಂತು.

ಆ ಮಾತು ಚೀಟಿಯಲ್ಲಿ ಇರಲಿಲ್ಲ. ಇದ್ದಿದ್ದರೆ ಅದನ್ನೂ ಹೊಡೆದುಹಾಕುತ್ತಿದ್ದೆ ಅನ್ನಿಸುತ್ತದೆ. ಮತ್ತೆ ಯಾವ ಸಭೆಯಲ್ಲೂ ನಾನಾಗಿ ಅದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ನಾಲ್ಕನೆಯ ದಿನ ಬೀಳಗಿ ಕಡೆಯ ಮೇಲ್ವಿಚಾರಕರೊಬ್ಬರು ಬಾಗಿಲಲ್ಲೇ, "ನೀವೂ ಮುಳುಗಡೆ ಮಂದೀನಂತಲ್ರಿ ಮೇಡಂ" ಅಂದರು.

ಆಮೇಲೆ ನಾನು ಮಾತಾಡಿದ್ದು ಮೂರು ನಿಮಿಷಕ್ಕೂ ಕಡಿಮೆ. ಆಡಿದ್ದು ಹೆಚ್ಚುಕಡಿಮೆ ಹೀಗೆ:

"ನನ್ನ ಹೆಸರು ನಿಮಗೆ ಗೊತ್ತಿದೆ. ತಾಲ್ಲೂಕು ಅಧಿಕಾರಿಯಾಗಿ ಇಲಾಖೆಗೆ ಬಂದವಳು, ಉತ್ತರದ ಕಡೆ ಇದೇ ಮೊದಲು. ನನ್ನ ಮಾತು ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ, ನಾನೂ ಕೇಳುತ್ತೇನೆ. ಸಿಟಿಸಿ ಇವತ್ತೇ ಖಜಾನೆಗೆ ಹೋಗುತ್ತದೆ. ನನ್ನ ಡಿಜಿಟಲ್ ಸಹಿಯ ಕೆಲಸಕ್ಕೆ ನಾಳೆ ನಾನೇ ಹೋಗುತ್ತೇನೆ. ಈ ತಿಂಗಳ ಪಗಾರ ನನ್ನಿಂದ ತಡ ಆಗಬಾರದು. ಒಂದು ತಿಂಗಳು ಯಾರ ವಿಷಯವನ್ನೂ ಬದಲಾಯಿಸುವುದಿಲ್ಲ. ಕಡತದಲ್ಲಿ 'ಚರ್ಚಿಸಿ' ಅಂತ ಬರೆದರೆ ಯಾವುದನ್ನು ಚರ್ಚಿಸಬೇಕು ಅಂತ ಕೆಳಗೇ ಬರೆಯುತ್ತೇನೆ. ಮೇಡಂ ಹೇಳಿದ್ದಾರೆ ಅಂತ ಯಾರೇ ಬಂದು ಹೇಳಲಿ, ನಮ್ಮ ಮನೆಯವರೇ ಆಗಲಿ, ನನ್ನ ಫೋನಿಂದಲೋ ಕಾಗದದಲ್ಲೋ ಬಾರದಿದ್ದರೆ ಅದು ನನ್ನ ಮಾತಲ್ಲ. ನನ್ನ ಮನೆಯ ಕೆಲಸಕ್ಕೆ ಇಲ್ಲಿಂದ ಯಾರೂ ಬರಬೇಕಾಗಿಲ್ಲ. ಸಂಜೆ ಐದೂವರೆಗೆ ಮನೆಗೆ ಹೋಗಿ. ಇಷ್ಟೇ."

ಪಗಾರದ ಮಾತು ಯಾಕೆ ಮೊದಲು ಬಂತು ಅನ್ನೋದು ಕಚೇರಿಯ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಅಧಿಕಾರಿ ಬದಲಾದರೆ ಡಿಡಿಒ, ಅಂದರೆ ಸಂಬಳದ ಬಿಲ್ಲಿಗೆ ಸಹಿ ಹಾಕುವವರು, ಬದಲಾದ ಹಾಗೆ. ಹೊಸಬರ ವಿವರ, ಡಿಜಿಟಲ್ ಸಹಿ ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ರಲ್ಲಿ ಜೋಡಣೆಯಾಗುವ ತನಕ ಬಿಲ್ಲು ಮುಂದಕ್ಕೆ ಹೋಗುವುದಿಲ್ಲ. ತಿಂಗಳ ಇಪ್ಪತ್ತನೇ ತಾರೀಖಿನ ಆಸುಪಾಸು ಹೊಸಬರು ಬಂದು, ಬಂದ ಕೂಡಲೆ ಬೆಂಗಳೂರಿನ ಸಭೆಗೆ ಅಂತ ಹೊರಟುಬಿಟ್ಟರೆ ಇಡೀ ಕಚೇರಿಯ ಸಂಬಳ ಮುಂದಿನ ತಿಂಗಳ ಎರಡನೇ ವಾರಕ್ಕೆ ಹೋಗುತ್ತದೆ. ಮನೆ ಸಾಲದ ಕಂತು, ಮಗಳ ಫೀಸು ಕಟ್ಟಬೇಕಾದವರ ಮುಂದೆ ನಿಂತು ನಾನು ನನ್ನ ಪದವಿಗಳ ಹೆಸರು ಹೇಳುತ್ತಿದ್ದರೆ, ಅವರ ತಲೆಯಲ್ಲಿ ಓಡುವುದು ಇದೊಂದೇ. ಸಂಬಳ ಅನ್ನದೆ ಪಗಾರ ಅಂದದ್ದು ಬೇಕೆಂದೇ, ಅದೊಂದು ಪದ ಮಾತ್ರ ಇಲ್ಲಿಯದು ಬಳಸಿದೆ. ಡಿಜಿಟಲ್ ಸಹಿ ಅಂದ ತಕ್ಷಣ ಲೆಕ್ಕ ಶಾಖೆಯವರು ಪೆನ್ನಿನ ಮುಚ್ಚಳ ತೆಗೆದು ಅಂಗೈ ಮೇಲೆ ಏನೋ ಬರೆದುಕೊಂಡರು. ಅದನ್ನು ನೋಡಿ, ಮಾತು ತಲುಪಿತು ಅಂತ ಗೊತ್ತಾಯಿತು.

ವಿಷಯ ಹಂಚಿಕೆಯ ಮಾತೂ ಅಂಥದ್ದೇ. ಯಾರ ಟೇಬಲ್ಲಿಗೆ ಯಾವ ವಿಷಯ ಅನ್ನೋದರ ಮೇಲೆ ಒಬ್ಬ ನೌಕರರ ದಿನಚರಿ, ಮರ್ಯಾದೆ, ಕೆಲವರ ವಿಷಯದಲ್ಲಿ ಇನ್ನೂ ಕೆಲವು ಸಂಗತಿಗಳು ನಿಂತಿರುತ್ತವೆ. ಹೊಸ ಅಧಿಕಾರಿ ಬಂದ ವಾರ ಪ್ರತಿಯೊಬ್ಬರೂ ಇನ್ನೊಬ್ಬರ ಬಗ್ಗೆ ಒಂದು ಮಾತು ಹೇಳಲು ಒಳಗೆ ಬರುತ್ತಾರೆ. ಒಂದು ತಿಂಗಳು ಏನೂ ಬದಲಾಗುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟರೆ ಆ ಭೇಟಿಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ. ಪೂರ್ತಿ ನಿಲ್ಲುವುದಿಲ್ಲ. ಮೂರನೆಯ ದಿನ ಒಬ್ಬರು ಬಂದು, "ಈಗ ಬ್ಯಾಡ್ರಿ ಮೇಡಂ, ತಿಂಗಳಾದ ಮ್ಯಾಲೆ ನೆನಪ ಇರಲಿ ಅಂತ ಹೇಳಾಕತ್ತೀನಿ" ಅಂದರು!

'ಚರ್ಚಿಸಿ' ಅನ್ನೋ ಪದದ ಬಗ್ಗೆ ಬೇರೆಯೇ ಒಂದು ಬರಹ ಬರೆಯಬೇಕು. ಕಡತ ಕಾಗದದಲ್ಲಿದ್ದಾಗಲೂ ಇ-ಆಫೀಸಿಗೆ ಬಂದ ಮೇಲೂ ಅಧಿಕಾರಿಗಳು ಏನೂ ತೋಚದಾಗ ಬರೆಯುವ ಪದ ಅದು. ಕಡತ ಕೆಳಗೆ ಬರುತ್ತದೆ. ವಿಷಯ ನಿರ್ವಾಹಕರು ಯಾವುದರ ಚರ್ಚೆ ಅಂತ ತಿಳಿಯದೆ, ಒಳಗೆ ಹೋಗಿ ಕೇಳುವ ಧೈರ್ಯವೂ ಇಲ್ಲದೆ, ನಾಲ್ಕು ದಿನ ಬಿಟ್ಟು "ಚರ್ಚಿಸಿದಂತೆ ಮರುಮಂಡಿಸಿದೆ" ಅಂತ ಅದೇ ಟಿಪ್ಪಣಿಯನ್ನು ಮೇಲಕ್ಕೆ ಕಳಿಸುತ್ತಾರೆ. ಚರ್ಚೆ ಎಲ್ಲಿ ನಡೆಯಿತು ಅಂತ ಇಬ್ಬರೂ ಕೇಳುವುದಿಲ್ಲ. ತಾಲ್ಲೂಕಿನಲ್ಲಿದ್ದಾಗ ಹೀಗೆ ಮರುಮಂಡಿಸಿದವರಲ್ಲಿ ನಾನೂ ಒಬ್ಬಳು, ಅದಕ್ಕೇ ಆ ಸಾಲು ಹೇಳಿದ್ದು. ಎರಡನೆಯ ವಾರ ನಾನೇ ಮರೆತು ಬರೀ 'ಚರ್ಚಿಸಿ' ಅಂತ ಬರೆದು ಕಳಿಸಿದ್ದೆ. ಎಸ್‌ಡಿಎ ಹುಡುಗಿ ಬಾಗಿಲ ಬಳಿ ನಿಂತು, "ಮೇಡಂ, ಕೆಳಗ ಪ್ರಶ್ನೆ ಬರದಿಲ್ರಿ" ಅಂದಳು. ಆ ಸಭೆಯಿಂದ ಕೈಗೆ ಸಿಕ್ಕ ಮೊದಲ ಫಲ ಅದು ಅಂತ ಈಗಲೂ ಅಂದುಕೊಳ್ಳುತ್ತೇನೆ.

ಮಾತಿನ ರೀತಿಯ ಬಗ್ಗೆ ಒಂದು ಎಚ್ಚರ. ನಮ್ಮ ಕಡೆ ದಲಾಯತರನ್ನು "ಏನಪ್ಪಾ, ಬಾರಪ್ಪಾ" ಅಂದರೆ ಪ್ರೀತಿ. ಇಲ್ಲಿ ಮಾತಿನ ಕೊನೆಗೆ ಒಂದು "ರೀ" ಇಲ್ಲದಿದ್ದರೆ ಕಿವಿಗೆ ಚುಚ್ಚುತ್ತದೆ. ಹಾಗಂತ ಮೊದಲ ದಿನವೇ "ಬರ್ರಿ, ಕುಂಡ್ರಿ, ಹೌದ್ರಿ" ಅಂತ ನಾನು ಶುರುಮಾಡಿದರೆ ಅದು ನಾಟಕದ ಅಣಕದ ಹಾಗೆ ಕೇಳುತ್ತದೆ. ನನ್ನ ಮಾತನ್ನು ನನ್ನ ಹಾಗೆಯೇ ಆಡಿದೆ, ಆದರೆ ಡ್ರೈವರಿಂದ ಹಿಡಿದು ಎಲ್ಲರಿಗೂ ಬಹುವಚನ. "ರೀ" ಬಾಯಿಗೆ ತಾನಾಗಿ ಬಂದದ್ದು ಐದಾರು ತಿಂಗಳ ಮೇಲೆ, ಅದೂ ಮೊದಲು ಬಂದದ್ದು ಸಿಟ್ಟು ಬಂದಾಗ.

ಸಭೆ ಮುಗಿಯುವ ಹೊತ್ತಿಗೆ ಒಬ್ಬರು, "ಮೇಡಂ, ತಮ್ಮ ಅಡ್ಡಹೆಸರು ಏನ್ರಿ?" ಅಂತ ಕೇಳಿದರು. ಮೊದಲ ಸಲ ಕೇಳುವವರಿಗೆ ಇದು ಸಾದಾ ಪ್ರಶ್ನೆ. ಈ ಕಡೆ ಎಲ್ಲರಿಗೂ ಅಡ್ಡಹೆಸರಿದೆ. ಬಡಿಗೇರ, ಹೂಗಾರ, ಕುಂಬಾರ, ಹಿರೇಮಠ ಅಂದ ಕೂಡಲೆ ಅರ್ಧ ವಂಶಾವಳಿ ಹೊರಗೆ ಬರುತ್ತದೆ. ನಮ್ಮ ಕಡೆಯವರಿಗೆ ಹೆಸರಿನ ಮುಂದೆ ಎರಡು ಅಕ್ಷರ ಮಾತ್ರ, ಒಂದು ಊರಿನದು, ಒಂದು ಅಪ್ಪನದು. ಅದರಿಂದ ಏನೂ ತಿಳಿಯುವುದಿಲ್ಲ. ಇನ್ನೊಂದು ವಾರ ಬಿಟ್ಟರೆ ಅದೇ ಪ್ರಶ್ನೆ "ನಿಮ್ಮ ಮನೆದೇವರು ಯಾವುದ್ರಿ" ಅಂತ ಬರುತ್ತದೆ, ಆಮೇಲೆ ಮಾಂಸದ ಊಟ ಮಾಡುತ್ತೀರಾ ಅಂತ. ಕೇಳುವುದರಲ್ಲಿ ಕೆಟ್ಟತನವೇ ಇರಬೇಕೆಂದಿಲ್ಲ. ಯಾವ ಗುಂಪಿನವರು ಧೈರ್ಯವಾಗಿ ಒಳಗೆ ಬರಬಹುದು, ಯಾರು ಹೊರಗೆ ಕಾಯಬೇಕು ಅನ್ನೋ ಲೆಕ್ಕ ಅವರಿಗೆ ಬೇಕು. ನಮ್ಮಂಥ ಇಲಾಖೆಯಲ್ಲಿ ಅದು ಇನ್ನೂ ಸೂಕ್ಷ್ಮ. ಹಾಸ್ಟೆಲ್ಲಿನ ಸೀಟಿನಿಂದ ಹಿಡಿದು ಪ್ರತಿ ಕಾಗದದ ಮೇಲೂ ಜಾತಿಯ ಕಾಲಂ ಇದೆ.

"ಅಡ್ಡಹೆಸರು ಇಲ್ಲ, ಎರಡು ಇನಿಷಿಯಲ್ ಮಾತ್ರ" ಅಂದೆ. "ಹಂಗೇನ್ರಿ" ಅಂದರು. ಆ "ಹಂಗೇನ್ರಿ"ಯಲ್ಲಿ, ಬೇರೆ ಕಡೆಯಿಂದ ತಿಳಕೊಳ್ತೀವಿ ಬಿಡಿ ಅನ್ನೋದು ಸ್ಪಷ್ಟವಾಗಿತ್ತು. ತಿಳಿದುಕೊಂಡರು ಕೂಡ, ಎರಡೇ ದಿನದಲ್ಲಿ, ಆದರೆ ತಪ್ಪು ಜಾತಿಯನ್ನು. ಆ ತಪ್ಪಿನ ಆಧಾರದ ಮೇಲೆ ಒಬ್ಬರು ತಿಂಗಳುಗಟ್ಟಲೆ ನನಗೆ ವಿಶೇಷ ಆದರ ತೋರಿಸುತ್ತಿದ್ದರು. ತಿದ್ದಲಿಲ್ಲ. ಅಮ್ಮನ ಗುಣ.

ಮೇಲ್ವಿಚಾರಕರ ಸಭೆ ನಾಲ್ಕನೆಯ ದಿನ ಇಟ್ಟೆ, ಹನ್ನೊಂದೂವರೆಗೆ. ಹೊತ್ತಿನ ಆಯ್ಕೆಯಲ್ಲೇ ಅರ್ಧ ಪರಿಚಯ ಆಗಿಹೋಗುತ್ತದೆ. ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ನಾಷ್ಟಾ ಆಗಿ ಮಕ್ಕಳು ಶಾಲೆಗೆ ಹೋಗುವ ತನಕ ಮೇಲ್ವಿಚಾರಕರು ಅಲ್ಲಾಡುವಂತಿಲ್ಲ. ಸಂಜೆ ಮಕ್ಕಳು ವಾಪಸ್ಸಾಗುವ ಹೊತ್ತಿಗೆ ಮತ್ತೆ ಅಲ್ಲಿರಬೇಕು. ಜಮಖಂಡಿಯಿಂದಲೋ ಇಳಕಲ್ಲಿನಿಂದಲೋ ಬಸ್ಸು ಹಿಡಿದು ಬರುವವರನ್ನು ಹತ್ತಕ್ಕೆ ಬನ್ನಿ ಅಂದರೆ ಅವರು ಬೆಳಗಿನ ನಾಷ್ಟಾ ಬಿಟ್ಟು ಹೊರಡಬೇಕು, ಮೂರಕ್ಕೆ ಬನ್ನಿ ಅಂದರೆ ರಾತ್ರಿ ಊಟದ ಹೊತ್ತಿಗೂ ತಲುಪುವುದಿಲ್ಲ. ನನ್ನ ಮೊದಲ ಜಿಲ್ಲೆಯ ಆ ಪ್ರಸಿದ್ಧ ಭಾಷಣ ಮಧ್ಯಾಹ್ನ ಮೂರೂವರೆಗೆ ಇತ್ತು. ಮಕ್ಕಳ ವಿಷಯದಲ್ಲಿ ಸಣ್ಣ ತಪ್ಪನ್ನೂ ಸಹಿಸುವುದಿಲ್ಲ ಅಂತ ನಾನು ಹೇಳುತ್ತಿದ್ದಾಗ ಜಿಲ್ಲೆಯ ಒಂದು ಹಾಸ್ಟೆಲ್ಲಿನಲ್ಲೂ ಮೇಲ್ವಿಚಾರಕರು ಇರಲಿಲ್ಲ, ಯಾಕೆಂದರೆ ಎಲ್ಲರೂ ನನ್ನ ಮುಂದೆ ಕೂತಿದ್ದರು. ಇದು ಹೊಳೆಯಲು ನನಗೆ ವರ್ಷಗಳೇ ಬೇಕಾದವು.

ಇಲ್ಲಿ ಅವರಿಗೆ ಒಂದೇ ಸಂಗತಿ ಹೇಳಿದೆ. "ಮಗುವಿಗೆ ಏನಾದರೂ ಆದರೆ ಮೊದಲು ಆಸ್ಪತ್ರೆ. ಆಮೇಲೆ ನನಗೆ ಫೋನ್, ರಾತ್ರಿ ಎಷ್ಟು ಹೊತ್ತಾದರೂ. ಆಮೇಲೆ ವರದಿ. ತಾಲ್ಲೂಕು ಅಧಿಕಾರಿಯ ಮೂಲಕ ಬರಬೇಕು ಅಂತ ಕಾಯಬೇಡಿ, ಅವರಿಗೆ ನಾನು ಹೇಳಿಕೊಳ್ಳುತ್ತೇನೆ. ಫೋನ್ ಮಾಡಿದ ರಾತ್ರಿ ಯಾಕೆ, ಹೇಗೆ ಅಂತ ಕೇಳುವುದಿಲ್ಲ. ಎಷ್ಟು ಗಂಟೆಗೆ ತಿಳಿಸಿದಿರಿ ಅನ್ನೋದನ್ನು ಮಾತ್ರ ನಾನೇ ಬರೆದಿಟ್ಟುಕೊಳ್ಳುತ್ತೇನೆ."

ಹಿಂದಿನ ಸಾಲಿನಿಂದ ಒಬ್ಬರು, "ಹಂಗಾರ ನೋಟಿಸ್ ಬರೂದಿಲ್ರಿ?" ಅಂತ ನೇರವಾಗಿಯೇ ಕೇಳಿದರು. ಅದು ಸರಿಯಾದ ಪ್ರಶ್ನೆ. ಬರುವುದಿಲ್ಲ ಅಂದಿದ್ದರೆ ಚಪ್ಪಾಳೆ ಸಿಗುತ್ತಿತ್ತು. ಆದರೆ ಆ ಮಾತು ಕೊಡುವ ಅಧಿಕಾರ ನನಗಿಲ್ಲ. ಮಗುವಿಗೆ ಏನಾದರೂ ಆದರೆ ಮೇಲಿನಿಂದ ವಿವರಣೆ ಕೇಳಿಯೇ ಕೇಳುತ್ತಾರೆ, ನಾನು ನೋಟಿಸ್ ಕೊಡಲೇಬೇಕಾದ ಸಂದರ್ಭವೂ ಬರಬಹುದು. "ನೋಟಿಸ್ ಬರಬಹುದು" ಅಂದೆ. "ಬಂದಾಗ ಕಡತದಲ್ಲಿ, ಇವರು ರಾತ್ರಿ ಇಷ್ಟು ಗಂಟೆಗೆ ತಿಳಿಸಿದ್ದಾರೆ, ಮಗುವನ್ನು ಇಷ್ಟು ಗಂಟೆಗೆ ಆಸ್ಪತ್ರೆಗೆ ಸೇರಿಸಿದ್ದಾರೆ ಅಂತ ನನ್ನ ಕೈಬರಹ ಇರುತ್ತದೆ. ಅದನ್ನು ಕೊಡಬಲ್ಲೆ." ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಆದರೆ ನೋಟ್‌ಪುಸ್ತಕದಲ್ಲಿ ಬರೆದುಕೊಂಡರು: ದವಾಖಾನಿ, ಫೋನ್, ವರದಿ.

ಅಡುಗೆಯವರ ಪರಿಚಯಕ್ಕೆ ಸಭೆ ಕರೆಯಲಿಲ್ಲ, ಒಂದೊಂದೇ ಅಡುಗೆಮನೆಗೆ ಹೋದೆ. ಹೆಚ್ಚಿನವರು ಹೊರಗುತ್ತಿಗೆಯವರು. ಸಿಸಿಎ ನಿಯಮವೂ ಅವರಿಗಿಲ್ಲ, ಖಜಾನೆಯ ಪಗಾರವೂ ಇಲ್ಲ, ಏಜೆನ್ಸಿ ಕೊಟ್ಟಾಗ ಉಂಟು. ನನ್ನ ಚೀಟಿಯ ಒಂದು ಸಾಲೂ ಅವರಿಗೆ ಹೊಂದುತ್ತಿರಲಿಲ್ಲ. ಒಂದು ಹಾಸ್ಟೆಲ್ಲಿನಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳೊಬ್ಬರು ಕೈ ನಿಲ್ಲಿಸದೆ, "ನೀವು ಎಷ್ಟ ದಿನ ಇರ್ತೀರಿ ಯವ್ವಾ?" ಅಂತ ಕೇಳಿದರು. ಕಚೇರಿಯ ಹನ್ನೆರಡು ಜನರ ಮನಸ್ಸಿನಲ್ಲೂ ಇದ್ದು, ಯಾರೂ ಬಾಯಿ ಬಿಡದ ಪ್ರಶ್ನೆ ಅದು. ಗೊತ್ತಿಲ್ಲ ಅಂದೆ. "ಹ್ಞೂಂ, ಹಿಂದಿನ ಸಾಹೇಬ್ರೂ ಹಂಗ ಅಂದಿದ್ರು" ಅಂತ ಇನ್ನೊಂದು ರೊಟ್ಟಿ ಹೆಂಚಿಗೆ ಹಾಕಿದರು. ಬಿಸಿ ರೊಟ್ಟಿ, ಪುಂಡಿಪಲ್ಯೆ ಕೊಟ್ಟರು. ತಿಂದೆ, ಮೇಲ್ವಿಚಾರಕರಿಂದ ರಸೀದಿ ಹಾಕಿಸಿ ಊಟದ ಹಣ ಕೊಟ್ಟೆ. ಆ ಹೆಣ್ಣುಮಗಳಿಗೆ ಬೇಸರವಾಯಿತು. ಅದನ್ನು ಬೇರೆ ರೀತಿ ಹೇಗೆ ಮಾಡಬಹುದಿತ್ತೋ ಈಗಲೂ ತಿಳಿದಿಲ್ಲ.

ಐದೂವರೆಯ ಮಾತು ನಿಲ್ಲಲಿಲ್ಲ. ಒಂಬತ್ತನೆಯ ದಿನ, ಇಲಾಖೆಗಳ ಪ್ರಗತಿ ನೋಡುವ ಕೆಡಿಪಿ ಸಭೆಗೆ ಅಂಕಿಅಂಶ ಬೇಕಾಯಿತು, ಅದರ ಹಿಂದೆಯೇ ಕೇಂದ್ರ ಕಚೇರಿಯ ವಿಡಿಯೊ ಸಭೆ, ನಮ್ಮ ಬಾಯಲ್ಲಿ ವಿಸಿ. ಲೆಕ್ಕ ಶಾಖೆಯವರನ್ನೂ ಇಬ್ಬರು ಆಪರೇಟರುಗಳನ್ನೂ ಎಂಟು ಗಂಟೆಯ ತನಕ ಕೂರಿಸಿಕೊಂಡೆ. ಅವರಲ್ಲೊಬ್ಬಳು ಗುಳೇದಗುಡ್ಡದಿಂದ ದಿನಾ ಬಸ್ಸಿನಲ್ಲಿ ಓಡಾಡುವವಳು. ಯಾರೂ ಏನೂ ಅನ್ನಲಿಲ್ಲ. ಆದರೆ ದಲಾಯತರು ಏಳು ಗಂಟೆಗೆ ಚಹಾ ತಂದಿಟ್ಟು ಗೋಡೆ ಗಡಿಯಾರದ ಕಡೆ ಒಮ್ಮೆ ನೋಡಿ ಹೊರಗೆ ಹೋದರು, ಅಷ್ಟೇ. ಮರುದಿನ ಅಧೀಕ್ಷಕರನ್ನು ಕರೆದು, ನಾನು ಹೇಳಬೇಕಾಗಿದ್ದದ್ದು "ಕೆಡಿಪಿ ಮತ್ತು ವಿಸಿ ಇರುವ ದಿನ ಬಿಟ್ಟು" ಅಂತ ಒಪ್ಪಿಕೊಂಡೆ. ಅವರು "ನಮಗ ಆವತ್ತೇ ಗೊತ್ತಿತ್ರಿ" ಅಂದರು. ಗೊತ್ತಿದ್ದೂ ಮೊದಲ ದಿನ ಯಾರೂ ತಿದ್ದಲಿಲ್ಲ. ಮೊದಲ ದಿನ ಯಾರು ತಾನೇ ತಿದ್ದುತ್ತಾರೆ.

ಮೂರನೆಯ ತಿಂಗಳು, ರಾತ್ರಿ ಹನ್ನೊಂದು ನಲವತ್ತಕ್ಕೆ ಫೋನ್ ಬಂತು. ನೋಟಿಸಿನ ಪ್ರಶ್ನೆ ಕೇಳಿದ್ದ ಅದೇ ಮೇಲ್ವಿ­ಚಾರಕರು. ಹುಡುಗನೊಬ್ಬನಿಗೆ ಚೇಳು ಕಡಿದಿತ್ತು, ಬಾತ್‌ರೂಮಿನ ಹತ್ತಿರ. "ಮೇಡಂ, ದವಾಖಾನ್ಯಾಗ ಅದೀನ್ರಿ. ಡಾಕ್ಟರ್ ನೋಡಾಕತ್ಯಾರ. ಹುಡುಗ ಮಾತಾಡತಾನ. ಬ್ಯಾರೆ ಏನಿಲ್ರಿ, ಟೈಮ್ ಬರಕೊಳ್ರಿ." ಬರೆದುಕೊಂಡೆ, ಅವರು ಕೇಳುವಂತೆ ಗಟ್ಟಿಯಾಗಿ ಓದಿಯೂ ಹೇಳಿದೆ. ಹುಡುಗ ಮರುದಿನ ಸಂಜೆ ಹಾಸ್ಟೆಲ್ಲಿಗೆ ಬಂದ. ಬಾತ್‌ರೂಮಿನ ದೀಪ ಕೆಟ್ಟು ಹದಿನೈದು ದಿನವಾಗಿತ್ತು ಅಂತ ಆಮೇಲೆ ಗೊತ್ತಾಯಿತು. ನೋಟಿಸ್ ಕೊಡಬೇಕಾಯಿತು. ಕೊಟ್ಟೆ. ಹನ್ನೊಂದು ನಲವತ್ತು ಅನ್ನೋದನ್ನೂ ಕಡತದಲ್ಲಿ ಬರೆದೆ.

ಈಗ ನನ್ನ ವರ್ಗಾವಣೆ ಆದೇಶ ಬಂದಿದೆ. ಮೊನ್ನೆ ಸಂಜೆ ಕಚೇರಿಯಿಂದ ಇಳಿದು ಬರುವಾಗ ನಮ್ಮ ಡ್ರೈವರ್ ಜೀಪಿನ ಆಚೆ ಬದಿಗೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ನನ್ನನ್ನು ನೋಡಿರಲಿಲ್ಲ. "ಚಾಕ್ಕ ಸಕ್ರಿ ಹಾಕಬ್ಯಾಡ್ರಿ," ಅನ್ನುತ್ತಿದ್ದರು. "ಬೈಯೂದಿಲ್ಲ, ಖರೆ. ರಾತ್ರಿ ಫೋನ್ ಎತ್ತತಾರ." ಸ್ವಲ್ಪ ತಡೆದು ಆ ಕಡೆಯವರ ಪ್ರಶ್ನೆ ಕೇಳಿಸಿಕೊಂಡರು. "ಐದೂವರೀಗೆ ಬಿಡತಾರಂತ ಹೇಳಿದ್ರ... ಅದನ್ನೊಂದು ನಂಬಬ್ಯಾಡ್ರಿ."